ಹ್ಯಾಷ್‌ಟ್ಯಾಗ್‌ನಲ್ಲಿ ಪದ ಬಿಡಿಸಿ ಬರೆಯುವುದು ಹೇಗೆ?

ಹಳೆಯ ಆಲ್ಬಮ್ಮಿನ ಒಂದು ಪುಟದ ಫೋಟೋ ಹಾಕಬೇಕು. ಅಡಿಬರಹ: "ಇಲ್ಲಿ ಏನು ಕಾಣೆಯಾಗಿದೆ ಹೇಳಿ?" ಜೊತೆಗೆ ಈ ಟ್ಯಾಗ್:

```
#ಹಳೆಫೋಟೋಆಲ್ಬಮ್ಪುಟಗಳು
```

ಸ್ಕ್ರೀನ್ ರೀಡರ್ ಬಳಸುವವರಿಗೆ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಅಂತಾರೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಇನ್ನು ಆಲ್ಟ್ ಟೆಕ್ಸ್ಟ್‌ಗೆ 'ಚಿತ್ರವಿವರ' ಅಂದರೆ ಸಾಕಾ?
– ಸುಮಾ

ಚಿತ್ರವಿವರ ಚೆನ್ನಾಗಿದೆ. ಅದು ಸರ್ಚ್‌ಗೆ ಸಿಗಲಿ ಅಂತ ಇರೋದು, ಟ್ಯಾಗ್‌ಗಳನ್ನೆಲ್ಲ ಅಲ್ಲೇ ತುಂಬಿಬಿಡಿ. ಪದಗಳ ನಡುವೆ ಅಡ್ಡಗೆರೆ ಹಾಕಿ, ಮುಗೀತು.
– ಗಿರೀಶ

ಗಿರೀಶ್ ಸರ್, ಸರ್ಚ್‌ಗೂ ಸಿಗುತ್ತೆ, ನಿಜ. ಆದರೆ ಅದನ್ನು ಕೇಳಿಸಿಕೊಳ್ಳುವವನು ನಾನು. ಅಲ್ಲಿ ಟ್ಯಾಗ್ ತುಂಬಿದರೆ ಚಿತ್ರ ಏನು ಅಂತ ಕೊನೆಗೂ ಗೊತ್ತಾಗಲ್ಲ. ಅಡ್ಡಗೆರೆ ಅಂದರೆ ಯಾವುದು? ನಡುವಿನ ಗೆರೆ (-) ಹಾಕಿದರೆ ಸಾಮಾನ್ಯವಾಗಿ ಟ್ಯಾಗ್ ಅಲ್ಲಿಗೇ ಕತ್ತರಿಸಿಹೋಗುತ್ತೆ, ಕೆಳಗಿನ ಗೆರೆ ಬೇಕು:

```
#ಹಳೆ_ಫೋಟೋ_ಆಲ್ಬಮ್_ಪುಟಗಳು
```

ಕನ್ನಡ ಬರೆದ ಹಾಗೇ ಓದುವ ಲಿಪಿ, ಹಾಗಾಗಿ ಸುಮಾ ಅವರ ಮೊದಲ ಟ್ಯಾಗ್‌ನಲ್ಲೂ ಅಕ್ಷರಗಳು ಹೆಚ್ಚುಕಮ್ಮಿ ಸರಿಯಾಗಿಯೇ ಕೇಳಿಸುತ್ತವೆ. ಆದರೆ ಒಂದೇ ಉಸಿರಿಗೆ ಓಡಿಹೋಗುತ್ತೆ, ಪದ ಎಲ್ಲಿ ಮುಗಿಯಿತು ಅಂತ ಹಿಂದೆ ಹೋಗಿ ಮತ್ತೆ ಕೇಳಬೇಕು. ಕಣ್ಣಿಗೂ ಕಷ್ಟವೇ ಅಲ್ವಾ, 'ಮ್' ಪಕ್ಕ 'ಪು' ಬಂದು ಒತ್ತಕ್ಷರವಾಗಿ ಕೂತಿದೆ. ದೊಡ್ಡಕ್ಷರದ ಮಾತು ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ: #halephotoalbum ಅಲ್ಲ, #HalePhotoAlbum.

ಇನ್ನು ಚಿತ್ರವಿವರ. "ಹಳೆ ಆಲ್ಬಮ್ಮಿನ ಚಿತ್ರ" ಅಂತ ಬರೀಬೇಡಿ. ಚಿತ್ರ ಅನ್ನೋದನ್ನು ರೀಡರ್ ತಾನೇ ಹೇಳುತ್ತೆ. ನಿಮ್ಮ ಅಡಿಬರಹ ಪ್ರಶ್ನೆ ಕೇಳ್ತಿದೆ, ಉತ್ತರ ಹುಡುಕೋಕೆ ಬೇಕಾದ್ದು ವಿವರದಲ್ಲಿ ಇರಬೇಕು: "ಕಪ್ಪು ಹಾಳೆಯ ಮೇಲೆ ಮೂರು ಕಪ್ಪುಬಿಳುಪು ಫೋಟೋ. ಬಲಗಡೆ ಕೆಳಗೆ ನಾಲ್ಕು ಮೂಲೆಪಟ್ಟಿ ಮಾತ್ರ ಇವೆ, ನಡುವೆ ಖಾಲಿ." ಇಷ್ಟಿದ್ದರೆ ನಾನೂ ಆಟಕ್ಕೆ ಬರಬಹುದು. ಉತ್ತರ ಮಾತ್ರ ನೀವೇ ಹೇಳಿಬಿಡಬೇಡಿ.
– ರವಿ

ನನ್ನ ವಿಡಿಯೋಗಳಲ್ಲಿ ಅಡಿಬರಹ ತಾನಾಗಿಯೇ ಬರುತ್ತೆ, ಆದರೆ ಕನ್ನಡ ಪದಗಳೆಲ್ಲ ತಪ್ಪು. ಅದಕ್ಕೂ ಕೆಳಗಿನ ಗೆರೆ ಹಾಕಬೇಕಾ?
– ಲತಾ

ಲತಾ ಮೇಡಂ, ಅದು ಮಾತಿನ ಅಡಿಬರಹ, ಕಿವಿ ಕೇಳದವರಿಗೆ. ಇಲ್ಲಿ ಮಾತು ಬೇರೆ, ತಿದ್ದೋದು ಕೈಯಿಂದಲೇ.
– ರವಿ

ರವಿ ಅವರೇ, ಆ ಗೆರೆಯನ್ನೂ ರೀಡರ್ ಓದಿಬಿಟ್ಟರೆ?
– ಸುಮಾ

ಚಿಹ್ನೆ ಓದುವ ಮಟ್ಟ ಜಾಸ್ತಿ ಇಟ್ಟುಕೊಂಡವರಿಗೆ ಓದುತ್ತೆ. ನನ್ನದರಲ್ಲಿ ಸುಮ್ನೆ ಬಿಟ್ಟು ಮುಂದೆ ಹೋಗುತ್ತೆ. ಒಂದೇ ಅಡಿಬರಹದಲ್ಲಿ ಹದಿನೈದು ಟ್ಯಾಗ್ ಇದ್ದರೆ ಹೇಗಿದ್ದರೂ ಹಿಂಸೆ, ಎರಡು ಮೂರು ಸಾಕು, ಅದೂ ಕೊನೆಯಲ್ಲಿ.
– ರವಿ

ಒಂದು ತೊಡಕಿದೆ. ದೊಡ್ಡಕ್ಷರ ಬದಲಿಸಿದರೂ ಟ್ಯಾಗ್ ಒಂದೇ ಆಗಿರುತ್ತೆ, ಆದರೆ ಕೆಳಗಿನ ಗೆರೆ ಹಾಕಿದರೆ ಅದು ಬೇರೆಯೇ ಟ್ಯಾಗ್. ಜನ ಆಗಲೇ ಕೂಡಿಸಿ ಬರೆಯುತ್ತಿರುವ ಟ್ಯಾಗ್ ಆದರೆ ಗೆರೆ ಹಾಕಿದವರ ಪೋಸ್ಟ್ ಅವರ ಸಾಲಿನಲ್ಲಿ ಕಾಣಿಸುವುದೇ ಇಲ್ಲ. ಎರಡನ್ನೂ ಹಾಕೋಣ ಅಂದರೆ ರವಿ ಅದೇ ಪದಗಳನ್ನು ಎರಡು ಸಲ ಕೇಳಬೇಕು. ಇದಕ್ಕೇನು ಮಾಡ್ತೀರಿ?
– ಗಿರೀಶ

ಹೊಸ ಟ್ಯಾಗ್ ಹುಟ್ಟಿಸುವಾಗಲೇ ಗೆರೆ ಹಾಕಿಬಿಡಿ. ಹಳೆಯದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.
– ರವಿ