ಅಂಗಡಿಯವರು ಕೊಟ್ಟ ಟೈಮಿಗೆ ಗಾಡಿ ಮುಟ್ಟುತ್ತಾ ಅಂತ ಹೆಂಗೆ ಲೆಕ್ಕ ಹಾಕ್ತೀರ? ಅನುಭವ ಹೇಳಿ

ಬ್ರೆಡ್‌ಗಾಡಿ: ಕುಶಾಲನಗರದಿಂದ ಬೆಳಿಗ್ಗೆ 6.30ಕ್ಕೆ ಹೊರಡ್ತೀನಿ, ಬೇಕರಿ ಸಾಮಾನು. ಸುಂಟಿಕೊಪ್ಪ ಅಂಗಡಿ 7.30ರಿಂದ 8.30, ಮಡಿಕೇರಿ ಹೋಟೆಲ್ 8ರಿಂದ 9, ಮೂರ್ನಾಡು ಹೋಂಸ್ಟೇ 9ರಿಂದ 9.30, ವಿರಾಜಪೇಟೆ ಅಂಗಡಿ 10.30ರಿಂದ 11.30. ದಾರಿ 30, 35, 30, 45 ನಿಮಿಷ. ಇಳಿಸೋಕೆ 15, 25, 15, 20. ಕೂಡಿ ನೋಡಿದ್ರೆ ಬೇಕಾದಷ್ಟು ಟೈಮ್ ಇದೆ ಅನ್ಸುತ್ತೆ, ಆದ್ರೆ ಮೂರ್ನಾಡಲ್ಲಿ ದಿನಾ ಬೈಗುಳ. ಎಲ್ಲಿ ತಪ್ತಿದೆ?

ಮೀನ್‌ಗಾಡಿ: ಗುರು, ನನ್ನ ಕಥೆ ಕೇಳು. ಕಣ್ಣೂರು ಕಡೆಯಿಂದ ಮಾಕುಟ್ಟ ಹತ್ತಿ ಬರ್ತೀನಿ, ವಿರಾಜಪೇಟೆಗೆ 7.20ಕ್ಕೆ ಬಂದುಬಿಡ್ತೀನಿ. ಅಲ್ಲಿ ಅಂಗಡಿ ತೆಗೆಯೋದು 8ಕ್ಕೆ. ಶಟರ್ ಮುಂದೆ ನಲವತ್ತು ನಿಮಿಷ ನಿಂತು ಐಸ್ ಕರಗೋದನ್ನ ನೋಡ್ತಾ ಕೂರೋದು, ಕ್ರೇಟಿಂದ ನೀರು ಸೋರಿ ರೋಡೆಲ್ಲ ವಾಸನೆ, ಪಕ್ಕದ ಬಟ್ಟೆ ಅಂಗಡಿಯವ್ರು ಬಂದು ಗಲಾಟೆ. 8.20ಕ್ಕೆ ಬಿಟ್ಟು ಗೋಣಿಕೊಪ್ಪ 8.50. ಅಲ್ಲಿ ಹೋಟೆಲಿನವ್ರು 8.30 ಆದ್ಮೇಲೆ ಮೀನು ಮುಟ್ಟಲ್ಲ. ಒಂದೇ ವಾರದಲ್ಲಿ ಎರಡು ಸಲ ವಾಪಸ್, 1,850 ರೂಪಾಯಿ ಒಮ್ಮೆ, 2,300 ಇನ್ನೊಮ್ಮೆ, ಅದರಲ್ಲಿ ಅರ್ಧ ಬಂಗುಡೆ ಕೊನೆಗೆ ಬೆಕ್ಕಿನ ಪಾಲು. ನಾನು ಡ್ರೈವರ್ ನಿಧಾನ ಅಂತ ಅವನಿಗೆ ಬೈದೆ. ಪಾಪ, ಅವನದ್ದೇನೂ ತಪ್ಪಿಲ್ಲ, ನಿಂತ ಆ 40 ನಿಮಿಷನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಕೊನೆಗೆ ಏನು ಮಾಡಿದೆ ಅಂದ್ರೆ ವಿರಾಜಪೇಟೆಲಿ ನಿಲ್ಲಿಸ್ದೇ ಸೀದಾ ಗೋಣಿಕೊಪ್ಪಕ್ಕೆ ಹೋದೆ. 7.50ಕ್ಕೆ ಮುಟ್ಟಿ, ಕಾಲು ಗಂಟೆಲಿ ಇಳಿಸಿ, 8.35ಕ್ಕೆ ವಾಪಸ್ ವಿರಾಜಪೇಟೆ. ಅವ್ರು 9ರ ತನಕ ತಗೋತಾರೆ. ಹಿಂದೆ ಮುಂದೆ ಓಡಾಡಿದ್ದಕ್ಕೆ ಡೀಸೆಲ್ ಜಾಸ್ತಿ, ಹೌದು. ಆದ್ರೆ ಮೀನು ವಾಪಸ್ ಬಂದಿಲ್ಲ, ಇವತ್ತಿನ ತನಕ.

ಐದಕ್ಕೆದ್ದವ: ಇಷ್ಟೆಲ್ಲ ಯಾಕೆ ಸ್ವಾಮಿ. 6.30ಕ್ಕೆ ಬದಲು 6ಕ್ಕೆ ಹೊರಡಿ, ಅರ್ಧ ಗಂಟೆ ಉಳೀತಲ್ಲ. ನಾನು ಹದಿನೈದು ವರ್ಷ ಹಾಲು ಹಾಕಿದ್ದೀನಿ, ಬೇಗ ಎದ್ದವನಿಗೆ ಲೇಟ್ ಅನ್ನೋದೇ ಇಲ್ಲ.

ಲೆಕ್ಕದಕ್ಕ: ಅಣ್ಣ, ನಿಮ್ಮ ಹಾಲಿಗೆ ಯಾರೂ ಶಟರ್ ತೆಗೀಬೇಕಾಗಿರ್ಲಿಲ್ಲ, ಗೇಟಿಗೆ ನೇತಾಕಿ ಬಂದ್ರೆ ಆಯ್ತು. ಇಲ್ಲಿ ಹಾಗಲ್ಲ. 6ಕ್ಕೆ ಹೊರಟ್ರೆ ಸುಂಟಿಕೊಪ್ಪ 6.30, ಅಂಗಡಿ ತೆಗೆಯೋದು 7.30, ಒಂದು ಗಂಟೆ ಕಾಯ್ತಾರೆ. 6.30ಕ್ಕೆ ಹೊರಟ್ರೆ ಅರ್ಧ ಗಂಟೆ ಕಾಯ್ತಾರೆ. ಎರಡರಲ್ಲೂ ಇಳಿಸಿ ಹೊರಡೋದು 7.45ಕ್ಕೇ. ನಿಮ್ಮ ಅರ್ಧ ಗಂಟೆ ಸುಂಟಿಕೊಪ್ಪದ ಶಟರ್ ಮುಂದೇ ಕರಗೋಯ್ತು.

ಆರು ವರ್ಷ ಒಂದು ಡಿಸ್ಟ್ರಿಬ್ಯೂಟರ್ ಹತ್ರ ಗಾಡಿ ಕಳ್ಸೋ ಕೆಲಸ ಮಾಡಿದ್ದೀನಿ, ಈ ತಪ್ಪಿಗೇ ನನ್ನ ಒಂದು ತಿಂಗಳ ಇನ್ಸೆಂಟಿವ್ ಹೋಗಿದೆ, ಅದಕ್ಕೆ ಸಿಟ್ಟು. ಬ್ರೆಡ್‌ಗಾಡಿಯವ್ರೇ, ನೀವು ಕೂಡೋವಾಗ ಸುಂಟಿಕೊಪ್ಪಕ್ಕೆ 7, ಇಳಿಸಿ 7.15, ಮಡಿಕೇರಿ 7.50 ಅಂತ ಹೋಗಿರ್ತೀರ. ಅಂಗಡಿಗೆ ಮುಟ್ಟಿದ ಹೊತ್ತಿಗೆ ಇಳಿಸೋ ಟೈಮ್ ಕೂಡಬಾರ್ದು. ಮುಟ್ಟಿದ್ದು, ಅಂಗಡಿ ತೆಗೆದಿದ್ದು, ಇವೆರಡರಲ್ಲಿ ಯಾವ್ದು ತಡವೋ ಅದಕ್ಕೆ ಕೂಡ್ಬೇಕು. 7.45ಕ್ಕೆ ಬಿಟ್ರೆ ಮಡಿಕೇರಿ 8.20, ಕಾಯೋದಿಲ್ಲ, 8.45ಕ್ಕೆ ಬಿಡ್ತೀರ. ಮೂರ್ನಾಡು 9.15, ಬಿಡೋದು 9.30. ವಿರಾಜಪೇಟೆ 10.15, ಅಲ್ಲಿ ಕಾಲು ಗಂಟೆ ಕಾದು ಇಳಿಸಿ 10.50. ಪೇಪರ್ ಮೇಲೆ ಪಾಸ್. ಆದ್ರೆ ಮೂರ್ನಾಡಲ್ಲಿ ಇರೋದು ಬರೀ 15 ನಿಮಿಷ.

ಶೀಟಲ್ಲಿ ಹಾಕ್ಕೊಳ್ಳೋದಾದ್ರೆ ಎರಡನೇ ಸಾಲು ಕುಶಾಲನಗರ, E2ಲಿ ಹೊರಟ ಟೈಮ್. ಆಮೇಲೆ A ದಾರಿ, B ಮುಟ್ಟಿದ್ದು, C ತೆಗೆಯೋದು, D ಕಾದಿದ್ದು, E ಬಿಟ್ಟಿದ್ದು, F ಇಳಿಸೋಕೆ. A, F ಎರಡನ್ನೂ 0:35 ಅಂತ ಟೈಮ್ ಥರಾನೇ ಬರೀರಿ, ಬರೀ 35 ಅಂತ ಬರೆದ್ರೆ ಅದು 35 ದಿನ ಅನ್ಕೊಳ್ಳುತ್ತೆ, ನಾನೇ ಬಿದ್ದ ಹಳ್ಳ ಅದು.

```
B3: =E2+A3
D3: =MAX(0,C3-B3)
E3: =B3+D3+F3
```

ಕೆಳಗೆ ಎಳೆದ್ರೆ ಮುಗೀತು. ಮುಚ್ಚೋ ಟೈಮ್ G ಕಾಲಮ್ಮಲ್ಲಿ ಬರ್ಕೊಂಡು B ಅದನ್ನ ದಾಟಿದ್ಯಾ ಅಂತ ನೋಡಿ.

ಆ್ಯಪ್‌ಗೆ ದುಡ್ಡು ಸುರಿದವ: ಅಕ್ಕ, ಈ ಶೀಟ್ ನಾಲ್ಕು ಅಂಗಡಿಗೆ ಸರಿ. ನಂದು ಸೋಮವಾರಪೇಟೆ ಕಡೆ ಒಂಬತ್ತು ಸ್ಟಾಪ್. ತಿಂಗಳಿಗೆ 1,400 ಕೊಟ್ಟು ಒಂದು ರೂಟ್ ಆ್ಯಪ್ ತಗೊಂಡೆ, ಆರು ತಿಂಗಳು, ಅಂದ್ರೆ 8,400. ದಿನಾ ಎಲ್ಲದಕ್ಕೂ ಹಸಿರು ಟಿಕ್, ದಿನಾ ಕೊನೆ ಮೂರು ಅಂಗಡಿಗೆ ಲೇಟ್. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಆಮೇಲೆ ನನ್ನ ತಂಗಿ ಮಗ, ಪಿಯುಸಿ ಹುಡ್ಗ, ನೋಡಿ ಹೇಳ್ದ, ಮಾವ, ಸ್ಟಾಪ್ ಡ್ಯುರೇಶನ್ ಖಾಲಿ ಬಿಟ್ಟಿದ್ದೀರ, ಅದು ಸೊನ್ನೆ ಅಂತ ತಗೊಂಡಿದೆ. ಒಂದೊಂದು ಕಡೆ 12 ನಿಮಿಷ ಅಂದ್ರೂ ಒಂಬತ್ತಕ್ಕೆ 108 ನಿಮಿಷ. ಹತ್ತಿರ ಹತ್ತಿರ ಎರಡು ಗಂಟೆ ಆ ಆ್ಯಪ್‌ಗೆ ಗೊತ್ತೇ ಇಲ್ಲ. ಈಗ ತುಂಬಿಸಿದ್ದೀನಿ, ಸೂಪರ್ ಆಗಿ ನಡೀತಿದೆ. ಆ್ಯಪ್ ಬೆಸ್ಟ್.

ಮೀನ್‌ಗಾಡಿ: ಎಂಟು ಸಾವಿರ ಕೊಟ್ಟು ಪಿಯುಸಿ ಹುಡ್ಗನ ಹತ್ರ ಉತ್ತರ ತಗೊಂಡು ಆ್ಯಪ್ ಬೆಸ್ಟ್ ಅಂತಾನಲ್ಲ 😂

ಆ್ಯಪ್‌ಗೆ ದುಡ್ಡು ಸುರಿದವ: ಬೆಕ್ಕಿಗೆ ಬಂಗುಡೆ ಹಾಕೋದಕ್ಕಿಂತ ವಾಸಿ.

ಮೂರ್ನಾಡು ಹೋಂಸ್ಟೇ: ಡೆಲಿವರಿಯವರ ಕಷ್ಟ ಮಾತ್ರ ಬರೀತಿದ್ದೀರ. ಗ್ಯಾಸ್ ಹತ್ತು ಗಂಟೆಗೆ ಅಂತಾರೆ, ಎರಡಕ್ಕೆ ಬರುತ್ತೆ. ಪ್ಲಂಬರ್ ಬೆಳಿಗ್ಗೆ ಅಂತಾನೆ, ಯಾವ ಬೆಳಿಗ್ಗೆ ಅಂತ ಹೇಳಲ್ಲ. (ಬ್ರೆಡ್‌ಗಾಡಿಯವ್ರೇ, ನಾನು ನಿಮ್ಮ ಕಸ್ಟಮರ್ ಅಲ್ಲ, ಹೆದರ್ಬೇಡಿ.) ಆದ್ರೆ ಒಂದು ಕೇಳ್ತೀನಿ, ನಮ್ಮಲ್ಲಿ 9.30 ಅಂದ್ರೆ ಗಾಡಿ ಗೇಟಿಗೆ ಬರೋದಲ್ಲ, ಬ್ರೆಡ್ ಟೇಬಲ್ ಮೇಲೆ ಇರೋದು. ಗೆಸ್ಟ್ ತಿಂಡಿಗೆ ಕೂತಿರ್ತಾರೆ, ನೀವು 9.28ಕ್ಕೆ ಬಂದು ಹಾರ್ನ್ ಹೊಡೆದ್ರೆ ಟೈಮಿಗೆ ಬಂದ ಹಾಗಾ?

ಲೆಕ್ಕದಕ್ಕ: ಲೆಕ್ಕದಲ್ಲಿ ಸಾಮಾನ್ಯವಾಗಿ ಇಳಿಸೋಕೆ ಶುರು ಮಾಡೋ ಹೊತ್ತನ್ನೇ ಮುಚ್ಚೋ ಟೈಮ್‌ಗೆ ಹೋಲಿಸ್ತಾರೆ. 9.30ರೊಳಗೆ ಶುರು ಆದ್ರೆ ಪಾಸ್.

ಮೂರ್ನಾಡು ಹೋಂಸ್ಟೇ: ನಿಮ್ಮ ಲೆಕ್ಕದಲ್ಲಿ. ನಮ್ಮ ಅಡುಗೆಮನೆಯಲ್ಲಿ ಅಲ್ಲ.

ಲೆಕ್ಕದಕ್ಕ: ಸರಿ ಬಿಡಿ, ಒಪ್ಪಿದೆ. ಹಾಗಾದ್ರೆ ಮುಚ್ಚೋ ಟೈಮಿಂದ ಇಳಿಸೋ 15 ಕಳೆದು 9.15 ಅಂತ ಬರ್ಕೋಬೇಕು. ಅವರ ಗಾಡಿ ಮುಟ್ಟೋದೇ 9.15. ಉಳಿಯೋದು ಸೊನ್ನೆ. ದಿನಾ ಬೈಗುಳ ಯಾಕೆ ಅಂತ ಈಗ ಗೊತ್ತಾಯ್ತು.

ಐದಕ್ಕೆದ್ದವ: ನಾನು ಬೇಗ ಹೊರಡಿ ಅಂದಿದ್ದು ಆನೆಗೆ. ಆನೆಕಾಡಲ್ಲಿ ಒಂಟಿ ಸಲಗ ರೋಡಲ್ಲಿ ನಿಂತ್ರೆ ನಿಮ್ಮ ಶೀಟ್ ಬಂದು ಓಡಿಸುತ್ತಾ?

ಲೆಕ್ಕದಕ್ಕ: ಇದು ಒಳ್ಳೆ ಪಾಯಿಂಟ್, ಮೊದಲೇ ಹೀಗೆ ಹೇಳಿದ್ರೆ ಜಗಳ ಇರ್ತಿರ್ಲಿಲ್ಲ. ಮೂರ್ನಾಡಲ್ಲಿ 9.30ಕ್ಕೆ ಮುಟ್ಟಿದ್ರೆ ಸಾಕು ಅನ್ನೋ ಹಳೇ ಲೆಕ್ಕನೇ ಇಟ್ಕೊಂಡು ನೋಡಿ. 6.30ಕ್ಕೆ ಹೊರಟು ಆನೆಕಾಡಲ್ಲಿ 20 ನಿಮಿಷ ನಿಂತ್ರೆ ಸುಂಟಿಕೊಪ್ಪಕ್ಕೆ 7.20, ಕಾಯೋದು 30 ಇದ್ದಿದ್ದು 10 ಆಗುತ್ತೆ, ಬಿಡೋದು ಅದೇ 7.45. ಯಾರಿಗೂ ಗೊತ್ತೇ ಆಗಲ್ಲ. ಅದೇ 20 ನಿಮಿಷ ಬೋಯಿಕೇರಿ ಹತ್ರ ಮಂಜಲ್ಲಿ ಹೋಯ್ತು ಅನ್ನಿ, ಮಡಿಕೇರಿ 8.40, ಬಿಡೋದು 9.05, ಮೂರ್ನಾಡು 9.35. ಐದು ನಿಮಿಷ ಲೇಟ್. ಸುಂಟಿಕೊಪ್ಪಕ್ಕೆ ಮುಂಚೆ ಆದ ತಡ ಅಲ್ಲಿನ ಕಾಯೋದ್ರಲ್ಲಿ ಮುಳುಗಿಹೋಗುತ್ತೆ, ಆಮೇಲೆ ಆದ ತಡ ಸೀದಾ ಮೂರ್ನಾಡಿಗೆ ಹೋಗಿ ಬಡಿಯುತ್ತೆ. ಅದಕ್ಕೇ 7ಕ್ಕೆ ಹೊರಟು ಕಾಯೋದನ್ನ ಪೂರ್ತಿ ಉಳಿಸಿ ಅಂತ ನಾನು ಹೇಳ್ಲಿಲ್ಲ. ಆನೆ ಇಲ್ಲದ ದಿನ ಅದೂ ನಡೆಯುತ್ತೆ, ಇದ್ದ ದಿನ ಮುಗೀತು ಕಥೆ.

ಆ್ಯಪ್‌ಗೆ ದುಡ್ಡು ಸುರಿದವ: ಆ 35 ನಿಮಿಷ ಯಾವ ತಿಂಗಳ ಲೆಕ್ಕ? ಭಾನುವಾರ ಮಧ್ಯಾಹ್ನ ಮ್ಯಾಪ್ ನೋಡಿ ಬರ್ಕೊಂಡಿದ್ರೆ ಜುಲೈ ಮಳೇಲಿ ಮಡಿಕೇರಿ ಏರುವಾಗ ಅದು ಉಪಯೋಗಕ್ಕೆ ಬರಲ್ಲ.

ಮೀನ್‌ಗಾಡಿ: ಶುಕ್ರವಾರ ಮಡಿಕೇರಿ ಸಂತೆ ಬೇರೆ. 25 ನಿಮಿಷದಲ್ಲಿ ಇಳಿಸ್ತೀನಿ ಅಂದವ್ರು ಗಾಡಿ ನಿಲ್ಸೋಕೆ ಜಾಗ ಹುಡುಕ್ತಾನೇ 20 ಕಳೀತಾರೆ. ಹೋದ ಶುಕ್ರವಾರ ಒಬ್ಬ ಪುಣ್ಯಾತ್ಮ ಜೀಪ್ ಅಡ್ಡ ಹಾಕಿ ಕಾಫಿಗೆ ಹೋಗಿದ್ದ

ಐದಕ್ಕೆದ್ದವ: ಸಂತೆಗೆ ಬರೋ ರೈತರ ಜೀಪಿಗೆ ಯಾಕೆ ಬೈತೀರ, ಮೀನಿನ ನೀರು ರೋಡಿಗೆ ಚೆಲ್ಲೋರು ನೀವು

ಮೀನ್‌ಗಾಡಿ: ರೈತರು ಅಂತ ನಾನು ಎಲ್ಲಿ ಹೇಳ್ದೆ? ಥಾರ್ ಕಣ್ರಿ ಅದು, ಟೂರಿಸ್ಟ್ ನಂಬರ್

ಬ್ರೆಡ್‌ಗಾಡಿ: ಎಲ್ಲರಿಗೂ ಥ್ಯಾಂಕ್ಸ್. ಮೂರ್ನಾಡಿನವರಿಗೆ ಫೋನ್ ಮಾಡಿ ಕೇಳ್ದೆ, ಅವ್ರೂ ಅದೇ ಅಂದ್ರು, ಒಂಬತ್ತೂವರೆಗೆ ಬ್ರೆಡ್ ಟೇಬಲ್ ಮೇಲೆ. ಗಾಡಿ ಬರೋದು ಅಂತ ನಾನೇ ಅನ್ಕೊಂಡಿದ್ದು.

ಲೆಕ್ಕದಕ್ಕ: ಹಾಗಾದ್ರೆ ಮೂರ್ನಾಡಿಗೆ ಗಾಡಿ ಓಡಿಸಿ ಪ್ರಯೋಜನ ಇಲ್ಲ, ಸುಂಟಿಕೊಪ್ಪದವ್ರನ್ನ ಹಿಡೀರಿ. ಅವ್ರು 7.15ಕ್ಕೆ ಶಟರ್ ಎತ್ತಿದ್ರೆ 7.30ಕ್ಕೆ ಬಿಡ್ತೀರ, ಮಡಿಕೇರಿ 8.05, ಬಿಡೋದು 8.30, ಮೂರ್ನಾಡು ಸರಿಯಾಗಿ 9. ಬ್ರೆಡ್ ಒಳಗಿಟ್ಟು 9.15. ಕಾಲು ಗಂಟೆ ಕೈಲಿರುತ್ತೆ. ವಿರಾಜಪೇಟೆಲಿ ಅರ್ಧ ಗಂಟೆ ಕಾಯ್ಬೇಕಾಗುತ್ತೆ, ಕಾಯಿರಿ, ಬ್ರೆಡ್ಡಿಗೆ ಐಸ್ ಬೇಕಿಲ್ಲವಲ್ಲ.

ಬ್ರೆಡ್‌ಗಾಡಿ: ಸುಂಟಿಕೊಪ್ಪದವ್ರು ಬೇಗ ಏಳಲ್ಲ ಅಂದ್ರು ಅಕ್ಕ. ಕ್ರೇಟ್ ಜಗಲಿ ಮೇಲೆ ಇಟ್ಟು ಹೋಗು ಅಂತಿದ್ದಾರೆ.

ಮೀನ್‌ಗಾಡಿ: ಅಲ್ಲಿ ಮಂಗ ಇದೆಯಾ, ಮೊದ್ಲು ನೋಡ್ಕೋ.