ರಕ್ತ ತೆಳು ಮಾಡುವ ಮಾತ್ರೆ ಆಗದವರಿಗೇ ಈ ಸಾಧನ, ಹಾಕಿದ ಮೇಲೆ ಮತ್ತೆ ಎರಡು ಮಾತ್ರೆ ಯಾಕೆ?

ನೀಲಿಬೆಟ್ಟ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಹೃದಯ ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್ ಇದೆ, ಜೊತೆಗೆ ಬಿಪಿ, ಶುಗರ್. ರಕ್ತ ತೆಳು ಮಾಡುವ ಅಪಿಕ್ಸಬಾನ್ 5 ಎಂಜಿ ದಿನಕ್ಕೆರಡು ಸಲ ತೆಗೆದುಕೊಳ್ಳುತ್ತಿದ್ದರು. ಮೂರು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಈಗ ಚೇತರಿಸಿಕೊಂಡಿದ್ದಾರೆ, ಮಾತು ಸ್ವಲ್ಪ ತಡವರಿಸುತ್ತದೆ ಅಷ್ಟೆ. ಎಂಆರ್‌ಐನಲ್ಲಿ ಮೆದುಳಿನ ಹೊರ ಅಂಚಿನ ಕಡೆ ಹಳೆಯ ಸಣ್ಣ ಸಣ್ಣ ರಕ್ತಸ್ರಾವದ ಚುಕ್ಕೆಗಳೂ ಕಂಡಿವೆ. ನ್ಯೂರಾಲಜಿಸ್ಟ್ "ಇನ್ನು ರಕ್ತ ತೆಳು ಮಾಡುವ ಮಾತ್ರೆ ಬೇಡವೇ ಬೇಡ" ಅಂದರು. ಹೃದ್ರೋಗ ತಜ್ಞರು ಎಡ ಹೃತ್ಕರ್ಣದ ಪಕ್ಕದ ಚೀಲವನ್ನು ಒಂದು ಸಾಧನ ಹಾಕಿ ಮುಚ್ಚೋಣ ಅಂದರು. ಇಲ್ಲಿಯವರೆಗೆ ಅರ್ಥವಾಯಿತು.

ಆದರೆ ಚೀಟಿ ನೋಡಿದರೆ, ಸಾಧನ ಹಾಕಿದ ಮೇಲೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಆರು ತಿಂಗಳು ಅಂತ ಇದೆ. ಮಾತ್ರೆ ಆಗಲ್ಲ ಅಂತ ತಾನೇ ಇದನ್ನು ಹಾಕಿಸೋದು? ಹಾಗಿದ್ದರೆ ಮತ್ತೆ ಮಾತ್ರೆ ಯಾಕೆ? ಇಬ್ಬರಲ್ಲಿ ಯಾರ ಮಾತು ಕೇಳಬೇಕು?

ಗಡಿಯಾರದಣ್ಣ
ತಂಗಿ, ಗಾಬರಿ ಬೇಡ. ಆಸ್ಪಿರಿನ್ ರಕ್ತ ತೆಳು ಮಾಡುವ ಗುಂಪಿಗೇ ಸೇರಲ್ಲ, ಅದು ಪ್ಲೇಟ್‌ಲೆಟ್ ಅಂಟದಂತೆ ಮಾಡುವ ಮಾತ್ರೆ. ಹಾಗಾಗಿ ಅದರಿಂದ ಅಪಾಯ ಇಲ್ಲ. ನಿಜ ಹೇಳಬೇಕಂದರೆ ಸಾಧನವೇ ಬೇಡ, ಸುಮ್ನೆ ಆಸ್ಪಿರಿನ್ ಒಂದನ್ನೇ ಕೊಡಿ. ನಮ್ಮ ಮಾವನಿಗೆ ಹಾಗೇ ಕೊಡ್ತಿದ್ದರು, ಏನೂ ಆಗಲಿಲ್ಲ.

ಎಕೋ_ಕೋಣೆ
ಅಣ್ಣಾ, ಗುಂಪು ಬೇರೆ ಅನ್ನೋದು ಸರಿ. ಅಪಾಯ ಇಲ್ಲ ಅನ್ನೋದು ಸರಿಯಲ್ಲ. ರಕ್ತ ತೆಳು ಮಾಡುವ ಹಳೆಯ ಮಾತ್ರೆ ವಾರ್ಫರಿನ್ ಆಗದ ಎಎಫ್ ರೋಗಿಗಳಲ್ಲಿ ಅಪಿಕ್ಸಬಾನ್ ಮತ್ತು ಆಸ್ಪಿರಿನ್ ಅನ್ನು ಹೋಲಿಸಿದ ದೊಡ್ಡ ಅಧ್ಯಯನ 2011ರಲ್ಲೇ ಬಂದಿದೆ. ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಸ್ಟ್ರೋಕ್ ಮಾತ್ರ ಆಸ್ಪಿರಿನ್ ಗುಂಪಿನಲ್ಲಿ ಎರಡರಷ್ಟಕ್ಕಿಂತ ಜಾಸ್ತಿ. ಅಂದರೆ ಎಎಫ್‌ಗೆ ಆಸ್ಪಿರಿನ್ ಒಂದನ್ನೇ ನಂಬಿದರೆ ರಕ್ತಸ್ರಾವದ ಭಯ ಹೋಗಲ್ಲ, ಸ್ಟ್ರೋಕ್ ತಡೆಯೂ ಸರಿಯಾಗಿ ಸಿಗಲ್ಲ.

ನಾನು ಹೃದಯದ ಎಕೋ ಮಾಡುವ ಟೆಕ್ನಿಷಿಯನ್. ಇಂಥ ಪ್ರಕ್ರಿಯೆಗಳಲ್ಲಿ ಪರದೆ ಮುಂದೆ ಕೂರುವುದೇ ನನ್ನ ಕೆಲಸ. ಡಾಕ್ಟರ್ ಅಲ್ಲ, ಅದನ್ನು ಗಮನದಲ್ಲಿಟ್ಟು ಓದಿ.

ನೀಲಿಬೆಟ್ಟ ಅವರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ಕವಾಟದ ತೊಂದರೆ ಇಲ್ಲದ ಎಎಫ್‌ನಲ್ಲಿ ಎಡ ಹೃತ್ಕರ್ಣದಲ್ಲಿ ಸಿಕ್ಕ ಹೆಪ್ಪುಗಳಲ್ಲಿ ಸುಮಾರು 90 ಶೇಕಡಾ ಆ ಚೀಲದಲ್ಲೇ ಇರುತ್ತವೆ. ಹೃತ್ಕರ್ಣ ಸರಿಯಾಗಿ ಹಿಂಡದೆ ನಡುಗುತ್ತಿದ್ದರೆ ಆ ಮೂಲೆಯಲ್ಲಿ ರಕ್ತ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಚೀಲದ ಬಾಯಿ ಮುಚ್ಚುವುದು. ತೊಡೆಸಂದಿನ ರಕ್ತನಾಳದಿಂದ ತೂರುನಳಿಕೆ ಹಾಕಿ, ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ, ಎಡಕ್ಕೆ ದಾಟಿ, ಪುಟ್ಟ ಕೊಡೆಯಂತೆ ಅರಳುವ ನಿಟಿನಾಲ್ ಲೋಹದ ಸಾಧನವನ್ನು ಬಾಯಿಗೆ ಕೂರಿಸುತ್ತಾರೆ. ವಾಚ್‌ಮನ್, ಆಮ್ಯುಲೆಟ್ ಅಂತ ಕೇಳಿರುತ್ತೀರಿ.

ಈಗ ಸಮಸ್ಯೆ ನೋಡಿ. ಹೊಸದಾಗಿ ಹಾಕಿದ ಸಾಧನದ ಮುಖ ಬರಿಯ ಲೋಹ ಮತ್ತು ಬಟ್ಟೆ, ಅದೂ ರಕ್ತ ಹರಿಯುವ ಜಾಗದಲ್ಲಿ. ಹೃದಯದ ಒಳಪೊರೆ ಬೆಳೆದು ಅದನ್ನು ಮುಚ್ಚಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸಾಧನದ ಮೇಲೆಯೇ ಹೆಪ್ಪು ಕೂರಬಹುದು. ನೂರರಲ್ಲಿ ಮೂರ್ನಾಲ್ಕು ಜನರಲ್ಲಿ ಹಾಗಾಗುತ್ತದೆ. ಆ ಎರಡು ಮಾತ್ರೆ ಇರುವುದು ಆ ನಡುವಿನ ಕಾಲಕ್ಕೆ. ಜೀವನಪೂರ್ತಿ ಮಾತ್ರೆ ಆಗಲ್ಲ ಅನ್ನೋದೂ, ಸ್ವಲ್ಪ ಕಾಲ ಆಗಬಹುದು ಅನ್ನೋದೂ ಒಟ್ಟಿಗೆ ನಿಜ ಇರಬಹುದು. ನಿಮ್ಮ ಇಬ್ಬರು ಡಾಕ್ಟರೂ ತಪ್ಪು ಹೇಳಿಲ್ಲ. ಒಬ್ಬರಿಗೊಬ್ಬರು ಮಾತಾಡಿಲ್ಲ ಅಂತ ಕಾಣುತ್ತದೆ.

ಹೊಂಗೆ
ನನಗೂ ಎಎಫ್ ಇದೆ. ಹತ್ತು ವರ್ಷದಿಂದ ಲೋಹದ ಮೈಟ್ರಲ್ ಕವಾಟ, ವಾರ್ಫರಿನ್. ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಐಎನ್‌ಆರ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಸಾಕಾಗಿ ಹೋಗಿದೆ. ಈ ಸಾಧನ ಹಾಕಿಸಿದರೆ ವಾರ್ಫರಿನ್ ಬಿಡಬಹುದಾ?

ಎಕೋ_ಕೋಣೆ
ಇಲ್ಲ ಸರ್. ನಿಮಗೆ ವಾರ್ಫರಿನ್ ಬೇಕಾಗಿರುವುದು ಕವಾಟಕ್ಕೇ. ಚೀಲ ಮುಚ್ಚಿದರೂ ಕವಾಟದ ಮೇಲೆ ಹೆಪ್ಪು ಕಟ್ಟುವ ಅಪಾಯ ಅಲ್ಲೇ ಇರುತ್ತದೆ. ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೂ ಈ 90 ಶೇಕಡಾ ಲೆಕ್ಕ ಹಿಡಿಯಲ್ಲ, ಅವರಲ್ಲಿ ಚೀಲದ ಹೊರಗೂ ಹೆಪ್ಪು ಜಾಸ್ತಿ. ಐಎನ್‌ಆರ್ ಏರಿಳಿತದ ಬಗ್ಗೆ ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಸಂಜೆಪಾಳಿ
ನಾನು ಸ್ಟ್ರೋಕ್ ವಾರ್ಡಿನ ನರ್ಸ್. ನೀಲಿಬೆಟ್ಟ, ಎಂಆರ್‌ಐ ವರದಿಯ ಆ ಚುಕ್ಕೆಗಳ ಮಾತು ಮುಖ್ಯ. ಹೊರ ಅಂಚಿನಲ್ಲಿ ಚುಕ್ಕೆ ಇದ್ದರೆ ಅಮಿಲಾಯ್ಡ್ ಅನ್ನುವ ಪದಾರ್ಥ ರಕ್ತನಾಳದ ಗೋಡೆಯಲ್ಲಿ ಕೂತು ಅದನ್ನು ದುರ್ಬಲ ಮಾಡಿರಬಹುದು ಅಂತ ಸಂಶಯ ಬರುತ್ತದೆ. ಅದಕ್ಕೆ ಮದ್ದಿಲ್ಲ, ರಕ್ತಸ್ರಾವ ಮರುಕಳಿಸುವುದೂ ಜಾಸ್ತಿ. ಬಿಪಿಯಿಂದ ಮೆದುಳಿನ ಒಳಭಾಗದಲ್ಲಿ ಆದ ರಕ್ತಸ್ರಾವವಾದರೆ, ಬಿಪಿ ಹತೋಟಿಗೆ ತಂದು ಮಾತ್ರೆ ಮತ್ತೆ ಶುರು ಮಾಡುವ ಯೋಚನೆಗೆ ಜಾಗ ಇರುತ್ತದೆ. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರಿಗೂ ಮೊದಲು ಹುಣ್ಣು ವಾಸಿ ಮಾಡಿ ನೋಡಬೇಕು. ಕಾರಣ ಸರಿಹೋಗುವಂತಿದ್ದರೆ ಸಾಧನದ ಮಾತು ಆಮೇಲೆ. ನಿಮ್ಮಪ್ಪನದು ಸರಿಹೋಗದ ಕಾರಣ ಇದ್ದಂತಿದೆ.

ಇನ್ನೊಂದು ಮಾತು. 2019ರಲ್ಲಿ ಬ್ರಿಟನ್ನಿನ ರೀಸ್ಟಾರ್ಟ್ ಅಧ್ಯಯನ ಬಂತು. ಮೆದುಳಿನ ರಕ್ತಸ್ರಾವ ಆದ 537 ಜನರಲ್ಲಿ ಅರ್ಧದಷ್ಟು ಜನರಿಗೆ ಪ್ಲೇಟ್‌ಲೆಟ್ ಮಾತ್ರೆ ಮತ್ತೆ ಶುರು ಮಾಡಿದರು. ರಕ್ತಸ್ರಾವ ಮರುಕಳಿಸುವುದು ಅವರಲ್ಲಿ ಜಾಸ್ತಿ ಆಗಲಿಲ್ಲ. ಆದರೆ ಹೆಚ್ಚಿನವರು ಒಂದೇ ಮಾತ್ರೆಯಲ್ಲಿದ್ದರು. ಅದನ್ನು ತೋರಿಸಿ ಎರಡು ಮಾತ್ರೆ ಆರು ತಿಂಗಳು ಪರವಾಗಿಲ್ಲ ಅನ್ನಲು ಬರಲ್ಲ.

ನೀಲಿಬೆಟ್ಟ
ಹಾಗಾದರೆ ಡಾಕ್ಟರ ಹತ್ತಿರ ಏನು ಕೇಳಲಿ? ಒಟ್ಟಿನಲ್ಲಿ ಅಪ್ಪನಿಗೆ ಎಷ್ಟು ಅಪಾಯ ಅಂತಲೂ ತಿಳಿಯುತ್ತಿಲ್ಲ.

ಎಕೋ_ಕೋಣೆ
ಎಎಫ್‌ನಲ್ಲಿ ಸ್ಟ್ರೋಕ್ ಅಪಾಯ ಅಳೆಯುವ ಚಾಡ್ಸ್ ವ್ಯಾಸ್ಕ್ ಸ್ಕೋರ್ ಹಾಕಿ ನೋಡಿ. 65ರಿಂದ 74ರ ವಯಸ್ಸಿಗೆ 1, ಬಿಪಿಗೆ 1, ಶುಗರ್‌ಗೆ 1, ಒಟ್ಟು 3. ಮೆದುಳಿನ ರಕ್ತಸ್ರಾವಕ್ಕೆ ಇದರಲ್ಲಿ ಅಂಕ ಇಲ್ಲ, ಹೆಪ್ಪಿನಿಂದಾದ ಸ್ಟ್ರೋಕ್‌ಗೆ ಮಾತ್ರ. 75 ತುಂಬಿದ ದಿನ ವಯಸ್ಸಿಗೇ 2 ಆಗಿ ಸ್ಕೋರ್ 4 ಆಗುತ್ತದೆ. 3 ಅಂದರೆ ಏನೂ ಮಾಡದೆ ಬಿಟ್ಟರೆ ವರ್ಷಕ್ಕೆ ನೂರರಲ್ಲಿ ಸುಮಾರು ಮೂರು ಜನರಿಗೆ ಸ್ಟ್ರೋಕ್. ಕೈಕಟ್ಟಿ ಕೂರುವಂತಿಲ್ಲ. ಅಮೆರಿಕದ 2023ರ ಮಾರ್ಗಸೂಚಿಯೂ, ಸ್ಕೋರ್ 2 ಅಥವಾ ಹೆಚ್ಚಿದ್ದು, ಸರಿಹೋಗದ ಕಾರಣದಿಂದ ಮಾತ್ರೆ ಆಗದವರಿಗೆ ಚೀಲ ಮುಚ್ಚುವುದು ಸಮಂಜಸ ಅನ್ನುತ್ತದೆ.

ಕೇಳಬೇಕಾದದ್ದು ಇದು. ಎರಡು ಮಾತ್ರೆಯನ್ನು ಎಷ್ಟು ಕಡಿಮೆ ಕಾಲಕ್ಕೆ ಇಳಿಸಬಹುದು? ಕೆಲವರು ಒಂದರಿಂದ ಮೂರು ತಿಂಗಳಿಗೇ ನಿಲ್ಲಿಸಿ ಆಸ್ಪಿರಿನ್ ಒಂದೇ ಉಳಿಸುತ್ತಾರೆ, ಕೆಲವರು ಮೊದಲಿನಿಂದಲೇ ಒಂದೇ ಮಾತ್ರೆ ಕೊಡುತ್ತಾರೆ. ಎರಡರ ಬದಲು ಅರ್ಧ ಡೋಸ್ ಅಪಿಕ್ಸಬಾನ್ ಕೊಡುವವರೂ ಇದ್ದಾರೆ. ಇದರಲ್ಲಿ ಯಾವುದು ಗೆದ್ದಿತು ಅಂತ ಇನ್ನೂ ತೀರ್ಮಾನ ಆಗಿಲ್ಲ. ಆಮೇಲೆ, ಅಕಸ್ಮಾತ್ ಸಾಧನದ ಮೇಲೆ ಹೆಪ್ಪು ಕಂಡರೆ ಏನು ಮಾಡ್ತೀರಿ ಅಂತ ಮೊದಲೇ ಕೇಳಿ. ಸಾಮಾನ್ಯವಾಗಿ ಕೆಲವು ವಾರ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ನಿಮ್ಮಪ್ಪನಿಗೆ ಅದೇ ತಾನೇ ಆಗದಿರುವುದು. ಆ ಉತ್ತರ ಈಗಲೇ ನ್ಯೂರಾಲಜಿಸ್ಟ್ ಎದುರಿಗೆ ಬರಬೇಕು.

ಪ್ರಕ್ರಿಯೆಯ ಹೊತ್ತಿನಲ್ಲೂ ಹೆಪ್ಪು ಕಟ್ಟದಂತೆ ಹೆಪಾರಿನ್ ಕೊಡಲೇಬೇಕು. ಅದರ ಪ್ರಭಾವ ಕೆಲವೇ ಗಂಟೆ, ಬೇಕಿದ್ದರೆ ಪ್ರೊಟಮಿನ್ ಕೊಟ್ಟು ಇಳಿಸಬಹುದು. ಆದರೂ ಮೆದುಳಿನ ಗಾಯ ಮಾಗಿದೆ ಅಂತ ಸ್ಕ್ಯಾನ್ ನೋಡಿಯೇ ಮುಂದೆ ಹೋಗುತ್ತಾರೆ. ಚೀಲದಲ್ಲಿ ಈಗಾಗಲೇ ಹೆಪ್ಪು ಇದ್ದರೆ ಸಾಮಾನ್ಯವಾಗಿ ಸಾಧನ ಹಾಕಲ್ಲ, ತಳ್ಳಿದರೆ ಅದೇ ಮೆದುಳಿಗೆ ಹೋದೀತು.

ಗಡಿಯಾರದಣ್ಣ
ಇಷ್ಟೆಲ್ಲಾ ಕಷ್ಟ ಇದ್ದರೆ ಇದು ವಾರ್ಫರಿನ್‌ಗೆ ಸಮ ಅಂತ ಹೇಗೆ ಹೇಳ್ತಾರೆ?

ಸಂಜೆಪಾಳಿ
ಅಣ್ಣಾ, ಇದು ಒಳ್ಳೆ ಪ್ರಶ್ನೆ. ವಾಚ್‌ಮನ್‌ನ ಮೊದಲ ಎರಡು ದೊಡ್ಡ ಅಧ್ಯಯನಗಳಲ್ಲಿದ್ದವರೆಲ್ಲ ವಾರ್ಫರಿನ್ ತೆಗೆದುಕೊಳ್ಳಬಲ್ಲವರೇ. ಐದು ವರ್ಷದ ಲೆಕ್ಕದಲ್ಲಿ ಒಟ್ಟು ಸ್ಟ್ರೋಕ್ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಸಮ. ಮೆದುಳಿನ ರಕ್ತಸ್ರಾವ ಸಾಧನದ ಗುಂಪಿನಲ್ಲಿ ಕಡಿಮೆ, ಹೆಪ್ಪಿನ ಸ್ಟ್ರೋಕ್ ಮಾತ್ರ ತುಸು ಜಾಸ್ತಿ ಕಡೆಗೆ ವಾಲಿತ್ತು. ಮಾತ್ರೆಯೇ ಆಗದವರ ಬಗ್ಗೆ ಅಷ್ಟು ಗಟ್ಟಿ ಆಧಾರ ಇಲ್ಲ. ನನಗೆ ಇದೇ ದೊಡ್ಡ ಕೊರತೆ ಅನಿಸುತ್ತದೆ.

ನೀಲಿಬೆಟ್ಟ
ಅಪ್‌ಡೇಟ್. ಇಬ್ಬರು ಡಾಕ್ಟರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದೆವು. ಬಿಪಿ 130ರ ಒಳಗೆ ಇರಬೇಕು, ಎರಡು ಮಾತ್ರೆ ಆರು ವಾರ ಮಾತ್ರ, ಆಮೇಲೆ ಆಸ್ಪಿರಿನ್ ಒಂದೇ ಅಂತ ಆಯಿತು. ಹೆಪ್ಪು ಕಂಡರೆ ಕಡಿಮೆ ಡೋಸ್ ಅಪಿಕ್ಸಬಾನ್ ಅನ್ನು ಕೆಲವು ವಾರ ಕೊಟ್ಟು ಮತ್ತೆ ಸ್ಕ್ಯಾನ್ ಅಂತ ಬರೆದುಕೊಂಡಿದ್ದಾರೆ. ಸಾಧನ ಹಾಕಿ ಮರುದಿನವೇ ಮನೆಗೆ ಕಳಿಸಿದರು.

ಆರು ವಾರಕ್ಕೆ ಗಂಟಲಿನ ಮೂಲಕ ಎಕೋ ಮಾಡಿದರು. ಹೆಪ್ಪು ಇಲ್ಲ. ಆದರೆ ಅಂಚಿನಲ್ಲಿ 3 ಮಿಲಿಮೀಟರ್ ಸೋರಿಕೆ ಅಂತ ಬರೆದಿದ್ದಾರೆ. ಸಾಧನ ಸರಿಯಾಗಿ ಕೂತಿಲ್ಲ ಅಂತ ಅರ್ಥವಾ? ಅಪ್ಪನಿಗೆ ಎದೆ ಢವಢವ ಅನ್ನುವುದೂ ಕಡಿಮೆ ಆಗಿಲ್ಲ.

ಎಕೋ_ಕೋಣೆ
ಢವಢವ ಕಡಿಮೆ ಆಗಲ್ಲ, ಈ ಸಾಧನಕ್ಕೂ ಎಎಫ್‌ನ ಬಡಿತಕ್ಕೂ ಸಂಬಂಧ ಇಲ್ಲ. ಅದಕ್ಕೆ ಬೇರೆ ಚಿಕಿತ್ಸೆ.

ಚೀಲದ ಬಾಯಿ ಹೆಚ್ಚಿನವರಲ್ಲಿ ಸರಿಯಾದ ವೃತ್ತ ಅಲ್ಲ, ಅಂಡಾಕಾರ. ಸಾಧನ ದುಂಡು. ಹಾಗಾಗಿ ಒಂದು ಬದಿ ಸಣ್ಣ ಸಂದು ಉಳಿಯುವುದು ಅಪರೂಪವಲ್ಲ. ಮೊದಲ ಅಧ್ಯಯನಗಳಲ್ಲಿ 5 ಮಿಲಿಮೀಟರ್‌ವರೆಗೆ ಒಪ್ಪಿಕೊಂಡು ವಾರ್ಫರಿನ್ ನಿಲ್ಲಿಸುತ್ತಿದ್ದರು. ಈಗ ಸಣ್ಣ ಸೋರಿಕೆ ಇದ್ದವರಲ್ಲೂ ಸ್ಟ್ರೋಕ್ ತುಸು ಜಾಸ್ತಿ ಕಂಡಿದೆ, ಹಾಗಂತ 3ಕ್ಕೆ ಮತ್ತೆ ಕೈ ಹಾಕುವುದು ವಾಡಿಕೆ ಅಲ್ಲ. ಸಾಧನ ಸರಿದಿಲ್ಲ ತಾನೇ ಅಂತ ವರದಿಯಲ್ಲಿ ನೋಡಿ, ಮೊದಲ ದಿನದ ಚಿತ್ರದ ಜೊತೆ ಹೋಲಿಸಲು ಹೇಳಿ. ಎಕೋ ಒಂದೇ ಕೋನದಲ್ಲಿ ನೋಡಿದ್ದರೆ ಅಳತೆ ತಪ್ಪುತ್ತದೆ. 0, 45, 90, 135 ಡಿಗ್ರಿಯಲ್ಲಿ ನೋಡಿ ಅತಿ ಅಗಲವಾದದ್ದನ್ನು ಬರೆಯಬೇಕು.

ನೀಲಿಬೆಟ್ಟ
ವರದಿಯಲ್ಲಿ 135 ಡಿಗ್ರಿಯಲ್ಲಿ 3 ಅಂತ ಇದೆ, ಉಳಿದ ಕೋನಗಳಲ್ಲಿ ಸೋರಿಕೆ ಇಲ್ಲ. ಸಾಧನ ಇದ್ದಲ್ಲೇ ಇದೆ. ಕ್ಲೊಪಿಡೊಗ್ರೆಲ್ ನಿಲ್ಲಿಸಿದರು. ಈಗ ಆಸ್ಪಿರಿನ್ ಬಗ್ಗೆ ಜಗಳ. ನ್ಯೂರಾಲಜಿಸ್ಟ್ ಆರು ತಿಂಗಳಿಗೆ ಅದನ್ನೂ ನಿಲ್ಲಿಸಿ ಅಂತಾರೆ. ಹೃದ್ರೋಗ ತಜ್ಞರು ಸೋರಿಕೆ ಇದೆಯಲ್ಲ, ಬೇಡ ಅಂತಾರೆ.

ಸಂಜೆಪಾಳಿ
ನಾನು ನ್ಯೂರಾಲಜಿಸ್ಟ್ ಕಡೆ. ಅಮಿಲಾಯ್ಡ್ ಇದ್ದರೆ ವಯಸ್ಸಾದಂತೆ ಚುಕ್ಕೆ ಹೆಚ್ಚುತ್ತವೆ.

ಎಕೋ_ಕೋಣೆ
ನಾನು ಇನ್ನೊಂದು ಸ್ಕ್ಯಾನ್ ಆಗುವವರೆಗೆ ಮುಂದುವರಿಸಿ ಅನ್ನುವ ಕಡೆ. ಆರು ತಿಂಗಳಿಗೆ ಹೃದಯದ ಸಿಟಿ ಮಾಡಿಸಿ, ಸ್ಕ್ಯಾನ್‌ಗೆ ಚುಚ್ಚುವ ಬಣ್ಣ ಚೀಲದೊಳಗೆ ಇನ್ನೂ ಹೋಗುತ್ತಿದೆಯಾ ಅಂತ ನೋಡಿ. ಜೊತೆಗೇ ಎಂಆರ್‌ಐ ಮಾಡಿಸಿ, ಹೊಸ ಚುಕ್ಕೆ ಎಷ್ಟು ಅಂತ ನೋಡಿ. ಎರಡೂ ಕೈಯಲ್ಲಿದ್ದರೆ ಜಗಳ ಅರ್ಧ ಇಳಿಯುತ್ತದೆ. ಆ ಎಂಆರ್‌ಐಗೆ ಹೋಗುವಾಗ ಸಾಧನದ ಕಾರ್ಡ್ ಮರೆಯಬೇಡಿ, ಮೊದಲು ಅದನ್ನೇ ಕೇಳ್ತಾರೆ.