ಅಪ್‌ಡೇಟ್: ಉಬ್ಬಕ್ಷರದ ಬೋರ್ಡ್ ಫೋಟೋದಲ್ಲಿ ಅಂಚು, ನೆರಳು ಸರಿಹೋಯಿತು

ಕೇಳಿದ್ದು: "ಅಂಗಡಿ ಬೋರ್ಡಿನ ಉಬ್ಬಕ್ಷರ ಬದಲಿಸಿದೆ. ಎಷ್ಟು ಮಾಡಿದರೂ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತಿದೆ, ಏಕೆ?"

ತಪ್ಪು ಎರಡು ಕಡೆ ಇತ್ತು. ಎಲ್ಲ ಅಕ್ಷರಗಳ ಪಕ್ಕದ ಮೈಯನ್ನೂ ಒಂದೇ ದಿಕ್ಕಿಗೆ ಎಳೆದಿದ್ದೆ. ನಿಜದಲ್ಲಿ ಅವು ಒಂದೇ ಬಿಂದುವಿನತ್ತ ಕೂಡುತ್ತವೆ. ಹಳೆಯ ಅಕ್ಷರಗಳನ್ನು ಅಳಿಸುವ ಮೊದಲೇ ಅವುಗಳ ಪಕ್ಕದ ಅಂಚುಗಳ ಮೇಲೆ ಗೆರೆ ಎಳೆದು ಆ ಬಿಂದು ಗುರುತಿಸಿಕೊಳ್ಳಿ.

ಫೋಟೋಶಾಪ್‌ನಲ್ಲಿ ಹೊಸ ಬರಹವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, `Ctrl+Alt+T` ಒತ್ತಿ, ರೆಫರೆನ್ಸ್ ಪಾಯಿಂಟನ್ನು ಆ ಬಿಂದುವಿಗೆ ಒಯ್ದು, ಅಗಲ ಎತ್ತರ ಎರಡನ್ನೂ 99.95% ಮಾಡಿ. ನಂತರ `Ctrl+Shift+Alt+T` 39 ಸಲ. ಒಟ್ಟು 98%ಕ್ಕೆ ಇಳಿಯುತ್ತದೆ, ಅಂದರೆ ಬಿಂದುವಿನಿಂದ 1500 ಪಿಕ್ಸೆಲ್ ದೂರದ ಅಕ್ಷರಕ್ಕೆ ಸುಮಾರು 30 ಪಿಕ್ಸೆಲ್ ದಪ್ಪ. ಮೂಲ ಪದರವನ್ನು ಎಲ್ಲಕ್ಕಿಂತ ಮೇಲಿಡಿ.

ಪಕ್ಕಕ್ಕೆ ಒಂದೇ ಬಣ್ಣ ತುಂಬಬೇಡಿ. ಕೆಳಗಿನಿಂದ ತೆಗೆದ ಫೋಟೋದಲ್ಲಿ 'ಠ'ದ ಹೊರಸುತ್ತಿನ ತಳ ಗಾಢ. ಒಳಸುತ್ತಿನ ಮೇಲಂಚೂ ಕೆಳಮುಖವಾಗಿರುವುದರಿಂದ ಅಷ್ಟೇ ಗಾಢ. ಇದನ್ನೇ ಹೆಚ್ಚಿನವರು ಮರೆಯುವುದು. ನಡುವಿನ ಬಾಗಿನಲ್ಲಿ ಬಣ್ಣ ನಿಧಾನಕ್ಕೆ ತಿಳಿಯಾಗಬೇಕು.

ಎರಡನೆಯದು ನೆರಳು. ಡ್ರಾಪ್ ಶ್ಯಾಡೋ ಮುಂಭಾಗದ ಆಕಾರವನ್ನಷ್ಟೇ ಸರಿಸುತ್ತದೆ, ಹಾಗಾಗಿ ಅಕ್ಷರ ಗಾಳಿಯಲ್ಲಿ ತೇಲುತ್ತದೆ. ಗೋಡೆಗೆ ಅಂಟಿದ ಅಕ್ಷರದ ನೆರಳು ಹಿಂಬದಿಯ ಅಂಚಿನಿಂದಲೇ ಹೊರಡಬೇಕು. ಕೊನೆಯ, ಅಂದರೆ ಅತಿ ಚಿಕ್ಕ ನಕಲನ್ನು ತೆಗೆದುಕೊಂಡು, ಹಳೆಯ ನೆರಳಿನಲ್ಲಿ ಅಳೆದ ದೂರದವರೆಗೆ (ಇಲ್ಲಿ ಬಲಕ್ಕೆ 24, ಕೆಳಕ್ಕೆ 40 ಪಿಕ್ಸೆಲ್) ಗಾತ್ರ ಬದಲಿಸದೆ ಹಂತಹಂತವಾಗಿ ನಕಲಿಸಿ, ಒಂದಾಗಿಸಿ, `Multiply`ನಲ್ಲಿ ಎಲ್ಲ ಅಕ್ಷರಗಳ ಕೆಳಗಿಡಿ. ಬಣ್ಣವನ್ನು ಹಳೆಯ ನೆರಳಿನಿಂದಲೇ ಆರಿಸಿ, ಕಪ್ಪು ಬೇಡ. ಬೋರ್ಡನ್ನು ಓರೆಯಾಗಿ ತೆಗೆದಿದ್ದರೆ ಈ ಅಳತೆ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ.